ಪದಸೂಚಿಯ ತಪಾಸಣೆ ಆಗಿಲ್ಲ, ಕೊನೆಯ ಫಾರಂ ಮತ್ತೆ ಅಚ್ಚಾಗಬೇಕು

ಗೆ,
ವ್ಯವಸ್ಥಾಪಕರು,
ಪುಟವಿನ್ಯಾಸ ಮತ್ತು ಕರಡು ತಿದ್ದುವ ವಿಭಾಗ

ಮಾನ್ಯರೇ,

ವಿಷಯ: ಹಳೆ ಮೈಸೂರು ಭಾಗದ ಕೆರೆ–ನಾಲೆಗಳ ಕುರಿತ ನಮ್ಮ ಪುಸ್ತಕದ ಪದಸೂಚಿಯಲ್ಲಿರುವ ತಪ್ಪುಗಳು

ಪದಸೂಚಿ ತಯಾರಿಸಿದ್ದಕ್ಕೆ ಒಂದು ಬಿಲ್, ಅದನ್ನು ತಪಾಸಣೆ ಮಾಡಿದ್ದಕ್ಕೆ ಇನ್ನೊಂದು ಬಿಲ್ ಕೊಟ್ಟಿರಿ. ಎರಡನ್ನೂ ಪಾವತಿಸಿದ್ದೇನೆ. ಮೊದಲು ಬೈಂಡ್ ಆಗಿ ಬಂದ 50 ಪ್ರತಿಗಳಲ್ಲಿ ಒಂದನ್ನು ಮುಂದಿಟ್ಟುಕೊಂಡು ಎರಡು ಸಂಜೆ ಕೂತು ನೋಡಿದ ಮೇಲೆ, ಎರಡನೇ ಬಿಲ್ಲಿನ ಕೆಲಸ ನಡೆದೇ ಇಲ್ಲ ಅನ್ನುವುದು ನನಗೆ ಖಾತ್ರಿಯಾಗಿದೆ. ಫೋನ್ ಮಾಡಿದಾಗ ನಿಮ್ಮ ಕಚೇರಿಯವರು, "ಕಂಪ್ಯೂಟರೇ ಸಾರ್ಟ್ ಮಾಡಿರೋದು ಸಾರ್, ತಪ್ಪಾಗೋಕೆ ಚಾನ್ಸೇ ಇಲ್ಲ" ಅಂದರು. ತಪ್ಪಾಗಿರುವುದು ಅಲ್ಲೇ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮ ಅಕ್ಷರದ ಕೆಳಗೆ ನೋಡಿ. ಮದ್ದೂರು, ಮಳವಳ್ಳಿ, ಮಹದೇವಪುರ ಎಂದು ಸಾಲಾಗಿ ಬಂದಿದೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ, ಎಲ್ಲಕ್ಕಿಂತ ಕೊನೆಗೆ. ಆದ್ದರಿಂದ ಮಹದೇವಪುರ ಮೊದಲು, ಮಳವಳ್ಳಿ ಆಮೇಲೆ. ಆದರೆ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಳ ಅಕ್ಷರವನ್ನು ಲ ಮತ್ತು ವ ನಡುವೆ ಇಟ್ಟಿದ್ದಾರೆ. ಕನ್ನಡದ ಕ್ರಮ ಗೊತ್ತಿಲ್ಲದ ತಂತ್ರಾಂಶ ಬರೀ ಆ ಸಂಖ್ಯೆ ನೋಡಿ ಜೋಡಿಸಿದರೆ ಳ ಇರುವ ಪದಗಳೆಲ್ಲ ವ, ಶ, ಸ, ಹ ಇರುವ ಪದಗಳಿಗಿಂತ ಮುಂದೆ ಬಂದು ಕೂರುತ್ತವೆ. ಊರಿನ ಹೆಸರುಗಳೇ ತುಂಬಿರುವ ಪುಸ್ತಕ ಇದು. ಹಳ್ಳಿ, ಹೊಳೆ, ಕೊಳ ಇಲ್ಲದ ಪುಟವೇ ಇಲ್ಲ. ಶಾಲೆಯಲ್ಲಿ ಕಲಿತ ಕ್ರಮದಲ್ಲಿ ಹುಡುಕುವ ಓದುಗ ಮಹದೇವಪುರದ ಕೆಳಗೆ ನೋಡಿ, ಮಳವಳ್ಳಿ ಕಾಣದೆ, ಪುಸ್ತಕದಲ್ಲಿ ಇಲ್ಲವೇ ಇಲ್ಲ ಅಂದುಕೊಂಡು ಪುಸ್ತಕ ಮುಚ್ಚುತ್ತಾನೆ.

ಸೊನ್ನೆಯ ಕಥೆ ಬೇರೆ. ಮಂಡ್ಯ, ಮ ಅಕ್ಷರದ ಮೊದಲಿಗೇ ಇದೆ. ಅದು ನಾವು ಒಪ್ಪಿಕೊಂಡಿದ್ದ ಕ್ರಮ, ಸರಿ. ಆದರೆ ಕಂದಾಯ, ಕಂಬದಹಳ್ಳಿ ಹೋಗಿ ಕೌ ಆದಮೇಲೆ ಕೂತಿವೆ. ಎರಡು ಪದ್ಧತಿಯನ್ನೂ ಪುಸ್ತಕಗಳಲ್ಲಿ ನೋಡಿದ್ದೇನೆ, ಯಾವುದಾದರೂ ಒಂದನ್ನು ಹಿಡಿದರೆ ತಕರಾರಿಲ್ಲ. ಒಂದೇ ಪದಸೂಚಿಯಲ್ಲಿ ಎರಡೂ ಇದ್ದರೆ, ಇಬ್ಬರು ಹಂಚಿಕೊಂಡು ಕೆಲಸ ಮಾಡಿ ಕೊನೆಗೆ ಯಾರೂ ಒಟ್ಟಿಗೆ ಓದಿಲ್ಲ ಅಂತಲೇ ಅರ್ಥ.

ಇನ್ನು ತ ಅಕ್ಷರ. ಅಲ್ಲಿ ಹೀಗಿದೆ: ತೆರಿಗೆ, ತೊಣ್ಣೂರು ಕೆರೆ, ತೇಗ, ತೊಣ್ಣೂರು ಕೆರೆ. ಒಂದೇ ಕೆರೆ ಎರಡು ಸಲ, ನಡುವೆ ತೇಗ! ಕಣ್ಣಿಗೆ ಎರಡರಲ್ಲೂ ಒಂದಕ್ಷರ ವ್ಯತ್ಯಾಸವಿಲ್ಲ. ನಿಮ್ಮಿಂದ ಬಂದ ಕಡತ ತೆರೆದು ನೋಡಿದೆ. ಒಂದು ಕಡೆ ಒಕಾರದ ಚಿಹ್ನೆ ಒಂದೇ ಸಂಕೇತವಾಗಿದೆ (U+0CCA), ಇನ್ನೊಂದು ಕಡೆ ಎಕಾರ ಮತ್ತು ಊಕಾರದ ಎರಡು ಚಿಹ್ನೆ ಸೇರಿ ಆಗಿದೆ (U+0CC6 U+0CC2). ಹಳೆ ಫಾಂಟಿನಲ್ಲಿ ಟೈಪಾಗಿದ್ದ ಅಧ್ಯಾಯಗಳನ್ನು ಪರಿವರ್ತಿಸುವಾಗ ಹೀಗಾಗಿರಬೇಕು. ಎರಡು ಚಿಹ್ನೆಯದನ್ನು ಯಂತ್ರ ತೆ ಎಂದು ಓದಿಕೊಂಡು ತೆರಿಗೆಯ ಪಕ್ಕಕ್ಕೆ ಹಾಕಿದೆ. ಪುಟಸಂಖ್ಯೆಗಳೂ ಎರಡು ಪಾಲಾಗಿವೆ. ವಿಂಗಡಿಸುವ ಮೊದಲು ಇಡೀ ಪಠ್ಯವನ್ನು ಯೂನಿಕೋಡಿನ ಒಂದೇ ರೂಪಕ್ಕೆ ತಂದಿದ್ದರೆ ಇದು ಬರುತ್ತಲೇ ಇರಲಿಲ್ಲ. ಅದು ತಿಳಿಯದಿದ್ದರೂ ಚಿಂತೆಯಿಲ್ಲ, ಕೈಯಲ್ಲಿ ಪೆನ್ಸಿಲ್ ಹಿಡಿದು ಒಂದು ಸಲ ಮೇಲಿನಿಂದ ಕೆಳಗೆ ಓದಿದವರಿಗೆ ಕಾಣದೆ ಇರುವ ತಪ್ಪಲ್ಲ ಇದು.

ಅದೇ ಕೆರೆಗೆ ಮೋತಿ ತಲಾಬ್ ಎಂಬ ಹೆಸರೂ ಇದೆ. ಅಲ್ಲಿ "ನೋಡಿ: ತೊಂಡನೂರು ಕೆರೆ" ಎಂದು ಹಾಕಿದ್ದೀರಿ. ತೊಂಡನೂರು ಕೆರೆ ಎಂಬ ನಮೂದೇ ಪದಸೂಚಿಯಲ್ಲಿಲ್ಲ. ಕನ್ನಂಬಾಡಿ ಕಟ್ಟೆ, ಕೃಷ್ಣರಾಜಸಾಗರ, ಕೆ.ಆರ್.ಎಸ್. ಎಂದು ಒಂದೇ ಅಣೆಕಟ್ಟೆಗೆ ಮೂರು ನಮೂದು, ಮೂರರಲ್ಲೂ ಬೇರೆ ಬೇರೆ ಪುಟ. ಕೃಷ್ಣರಾಜಸಾಗರದ ಕೆಳಗೆ ಎಲ್ಲ ಪುಟಗಳನ್ನೂ ಕೊಟ್ಟು ಉಳಿದೆರಡರಿಂದ ಅಲ್ಲಿಗೆ ಕಳಿಸಬೇಕೆಂದು ನಾನು ಬರೆದುಕೊಟ್ಟ ಚೀಟಿ ನಿಮ್ಮ ಕಡತದಲ್ಲೇ ಇರಬೇಕು.

ಸೇರಿಸಬೇಕಾದ್ದನ್ನು ಬಿಡಿಸಿದ್ದೀರಿ, ಬೇರೆ ಇಡಬೇಕಾದ್ದನ್ನು ಸೇರಿಸಿದ್ದೀರಿ. ಕನ್ನಂಬಾಡಿ ಎಂಬ ಊರು ಆ ಜಲಾಶಯದ ನೀರಲ್ಲೇ ಮುಳುಗಿತು. ಆ ಊರಿನ ಪುಟಗಳೂ ಕಟ್ಟೆಯ ನಮೂದಿನೊಳಗೆ ಹೋಗಿವೆ. "ಕೃಷ್ಣರಾಜ ಒಡೆಯರ್ 41, 44, 131" ಎಂದಿದೆ. 41 ಮತ್ತು 44ರಲ್ಲಿ ಇರುವವರು 1868ರಲ್ಲಿ ತೀರಿಕೊಂಡ ಮುಮ್ಮಡಿಯವರು. ಆ ನಂತರದ ಸಂಖ್ಯೆ, 1911ರಲ್ಲಿ ಕಟ್ಟೆಯ ಕೆಲಸ ಶುರುವಾದಾಗ ಪಟ್ಟದಲ್ಲಿದ್ದ ನಾಲ್ವಡಿಯವರದು. ಇದನ್ನು ಯಾವ ತಂತ್ರಾಂಶವೂ ಹೇಳುವುದಿಲ್ಲ, ಆ ಪುಟ ತೆರೆದು ಓದಲೇಬೇಕು.

ಪುಟಸಂಖ್ಯೆಯ ವಿಷಯದಲ್ಲಿ ನನ್ನ ಪಾಲಿನ ತಪ್ಪೂ ಇದೆ. ಎರಡನೇ ಕರಡು ಆದಮೇಲೆ ನಾನು 8 ಪುಟ ಚಿತ್ರಗಳನ್ನು ಕೊಟ್ಟೆ, ಅವು 112ರ ನಂತರ ಸೇರಿದವು. ಆಮೇಲೆ ಹಳೆಯ 205 ಮತ್ತು 206ನೇ ಪುಟದ ಕೋಷ್ಟಕವನ್ನು ತೆಗೆಸಿದೆ. ಆದರೆ ಎರಡೂ ಆದಮೇಲೆಯೇ ಪದಸೂಚಿಯ ತಪಾಸಣೆ ಆಗಬೇಕೆಂದು ಹೇಳಿದ್ದೆ. ಈಗ ಇರುವುದು ಎರಡನೇ ಕರಡಿನ ಸಂಖ್ಯೆಗಳೇ. ಹುಲಿಕೆರೆ ಸುರಂಗಕ್ಕೆ 147 ಎಂದಿದೆ, ಇರುವುದು 155ರಲ್ಲಿ. ಇರ್ವಿನ್ ನಾಲೆಗೆ 231 ಎಂದಿದೆ, ಇರುವುದು 237ರಲ್ಲಿ. ಅಂದರೆ 112ರವರೆಗೆ ಸರಿ, ಅಲ್ಲಿಂದ 8 ಕೂಡಬೇಕು, ಹಳೆಯ 207ರಿಂದ 6 ಮಾತ್ರ. ನಿಮ್ಮವರು ಫೋನಿನಲ್ಲಿ "ಎಲ್ಲದಕ್ಕೂ 8 ಕೂಡಿಸಿಬಿಡ್ತೀವಿ" ಅಂದರು, ದಯವಿಟ್ಟು ಹಾಗೆ ಮಾಡಬೇಡಿ. ಚಿತ್ರಗಳು ಸೇರಿದ ಜಾಗವನ್ನು ದಾಟಿಹೋಗುವ ಸಂಖ್ಯೆಗಳೂ ಇವೆ. ಹೂಳೆತ್ತುವಿಕೆಗೆ 108–115 ಎಂದಿದೆ. ಅದು 108–112, 121–123 ಆಗಬೇಕು, ನಡುವಿನ ಎಂಟು ಪುಟದಲ್ಲಿ ಬರೀ ಚಿತ್ರಗಳು. ಒಂದು ಕಡೆಯಂತೂ 341 ಎಂದಿದೆ. ಪದಸೂಚಿಯೂ ಸೇರಿ ಪುಸ್ತಕ ಮುಗಿಯುವುದೇ 326ಕ್ಕೆ!

ಒಂದು ಅನುಕೂಲವಿದೆ. ಪದಸೂಚಿ 311ರಿಂದ 326ರವರೆಗೆ, ಸರಿಯಾಗಿ 16 ಪುಟದ ಕೊನೆಯ ಫಾರಂ. ಬೈಂಡಿಂಗ್ ಆಗದ 450 ಪ್ರತಿಗಳನ್ನು ನಿಲ್ಲಿಸಿದ್ದೇನೆ. ಈ ಒಂದು ಫಾರಂ ಮಾತ್ರ ಮತ್ತೆ ಅಚ್ಚು ಹಾಕಿದರೆ ಸಾಕು.

ತಪಾಸಣೆಯ ಬಿಲ್ಲಿನ ಹಣವನ್ನು ಹಿಂದಿರುಗಿಸಿ, ಈ ಫಾರಂನ ಕಾಗದ ಮತ್ತು ಅಚ್ಚಿನ ಖರ್ಚನ್ನು ನೀವೇ ಭರಿಸಬೇಕೆಂದು ಕೇಳುತ್ತಿದ್ದೇನೆ. ಪ್ರತಿಯೊಂದು ಸಂಖ್ಯೆಯನ್ನೂ ಅಚ್ಚಾದ ಪುಟದೊಂದಿಗೆ ತಾಳೆ ನೋಡಿ, ನೋಡಿದ್ದಕ್ಕೆ ಟಿಕ್ ಹಾಕಿದ ಕರಡನ್ನು ಹದಿನೈದು ದಿನದೊಳಗೆ ನನಗೆ ತಲುಪಿಸಿ. ಅದನ್ನು ನಾನು ನೋಡಿ ಸಹಿ ಹಾಕುವವರೆಗೆ ಮುದ್ರಣಕ್ಕೆ ಕಳಿಸಬಾರದು. ಈಗಾಗಲೇ ಹೊರಗೆ ಹೋಗಿರುವ 50 ಪ್ರತಿಗಳಿಗೆ ತಿದ್ದಿದ ಪದಸೂಚಿಯ ಬಿಡಿ ಪ್ರತಿಗಳೂ ಬೇಕು.

ಇಂತಿ,
ಪುಸ್ತಕದ ಸಂಪಾದಕ
ಮೈಸೂರು

ಅಡಕ: ಕೆಂಪು ಶಾಯಿಯಲ್ಲಿ ಗುರುತು ಹಾಕಿದ ಪದಸೂಚಿಯ 16 ಪುಟ, ಎರಡೂ ಬಿಲ್ಲುಗಳ ಪ್ರತಿ