ಚೀಟಿ ಬರೆದವನಿಗೆ ಉತ್ತರ ಸಿಗಬೇಕು

ಮಾನ್ಯ ಸಂಪಾದಕರೇ,

ಕಾರ್ಖಾನೆಯಲ್ಲಿ ಅವಘಡವಾದ ಸುದ್ದಿ ಓದಿದಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಅದೇ ಜಾಗದಲ್ಲಿ ಮುಂಚೆ ಎಷ್ಟು ಸಲ ಸ್ವಲ್ಪದರಲ್ಲಿ ತಪ್ಪಿತ್ತು? ಕಂಡವರು ಯಾಕೆ ಹೇಳಲಿಲ್ಲ? ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷ ಸೇಫ್ಟಿ ಕೆಲಸ ಮಾಡಿದವನು ನಾನು. ಯಾಕೆ ಹೇಳುವುದಿಲ್ಲ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ಸ್ವಲ್ಪದರಲ್ಲಿ ತಪ್ಪಿದ ಅವಘಡಗಳನ್ನು ಬರೆದು ಹಾಕಲು ನಮ್ಮಲ್ಲಿ ಗೇಟಿನ ಪಕ್ಕ 'ನಿಯರ್ ಮಿಸ್' ಪೆಟ್ಟಿಗೆ ಇತ್ತು. ಹೆಸರು ಬರೆಯಬೇಕಿಲ್ಲ ಎಂದೂ ಹೇಳಿದ್ದೆವು. ಒಮ್ಮೆ ಒಬ್ಬ ಗುತ್ತಿಗೆ ಹುಡುಗ ಚೀಟಿ ಹಾಕಿದ: 'ರಾತ್ರಿ ಶಿಫ್ಟ್, ಎರಡನೇ ಬೇ, ಡೈ ಎತ್ತುವಾಗ ಬೆಲ್ಟ್ ಜಾರಿತು.' ಆ ರಾತ್ರಿ ಆ ಬೇಯಲ್ಲಿ, ಅಂದರೆ ಶೆಡ್ಡಿನ ಆ ಭಾಗದಲ್ಲಿ, ಇದ್ದವರೇ ಮೂರು ಜನ. ಬರೆದವನು ಯಾರೆಂದು ಸೂಪರ್‌ವೈಸರ್‌ಗೆ ಕೂಡಲೇ ಗೊತ್ತಾಯಿತು. ಮುಂದಿನ ತಿಂಗಳು ಆ ಹುಡುಗನ ಗೇಟ್ ಪಾಸ್ ರಿನ್ಯೂ ಆಗಲಿಲ್ಲ. ಆಮೇಲೆ ಪೆಟ್ಟಿಗೆಗೆ ಯಾರೂ ಕೈ ಹಾಕಲಿಲ್ಲ. ಹೆಸರು ತೆಗೆದರೆ ಸಾಲದು, ಶಿಫ್ಟ್ ಮತ್ತು ಮೆಷಿನ್ನೇ ಆಳನ್ನು ಹಿಡಿದುಕೊಡುತ್ತವೆ ಎಂದು ನನಗೆ ಅಂದು ಅರ್ಥವಾಯಿತು. ಮೊದಲೇ ಯೋಚಿಸಬೇಕಿತ್ತು. ಆ ನೋವು ಇನ್ನೂ ಇದೆ.

ಇದಕ್ಕೆ ಒಳ್ಳೆಯ ದಾರಿ ತೋರಿಸಿದ್ದು ಅಮೆರಿಕದ ವಿಮಾನಯಾನ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಹತ್ತಿರ ಟಿಡಬ್ಲ್ಯುಎ ವಿಮಾನವೊಂದು ಬೆಟ್ಟಕ್ಕೆ ಬಡಿದು 92 ಜನ ಸತ್ತರು. ಅದಕ್ಕೆ ಆರು ವಾರ ಮುಂಚೆ ಬೇರೆ ಕಂಪನಿಯ ವಿಮಾನ ಅದೇ ಬೆಟ್ಟದ ಮೇಲೆ ಸ್ವಲ್ಪದರಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಮಾತ್ರ ಎಚ್ಚರಿಕೆ ಕೊಟ್ಟಿತ್ತು. ಆಮೇಲೆ ವಿಮಾನಯಾನ ಇಲಾಖೆ ತಾನೇ ವರದಿ ಕೇಳಿತು. ಆದರೆ ದಂಡ ಹಾಕುವವರ ಕೈಗೆ ಯಾರು ಬರೆದು ಕೊಡುತ್ತಾರೆ? ಹಾಗಾಗಿ 1976ರಲ್ಲಿ ಆ ಕೆಲಸವನ್ನು ನಾಸಾಗೆ ವಹಿಸಿದರು. ಅಲ್ಲಿನ ಫಾರ್ಮಿನಲ್ಲಿ ಬರೆದವರ ಹೆಸರಿಗೆಂದೇ ಒಂದು ಭಾಗ ಇರುತ್ತದೆ. ಏನಾದರೂ ಕೇಳಬೇಕಿದ್ದರೆ ಫೋನ್ ಮಾಡಿ ಕೇಳುತ್ತಾರೆ, ನಂತರ ಆ ಭಾಗವನ್ನು ಕತ್ತರಿಸಿ ಬರೆದವರಿಗೇ ವಾಪಸ್ ಕಳಿಸುತ್ತಾರೆ. ಅಪಘಾತ, ಅಪರಾಧಗಳಿಗೆ ಈ ರಕ್ಷಣೆ ಇಲ್ಲ, ಅದನ್ನು ಮೊದಲೇ ಹೇಳಿರುತ್ತಾರೆ.

ನಾವೂ ಅದನ್ನೇ ಚಿಕ್ಕದಾಗಿ ಮಾಡಿದೆವು. ಚೀಟಿ ಓದುವವರು ಇಬ್ಬರೇ: ನಾನು ಮತ್ತು ಕಾರ್ಮಿಕರೇ ಆರಿಸಿದ ಹಿರಿಯ ಫಿಟ್ಟರ್. ಇಬ್ಬರಿಗೂ ಯಾರ ಹಾಜರಿ, ಬಡ್ತಿಯಲ್ಲೂ ಕೈ ಇರಲಿಲ್ಲ. ಪೆಟ್ಟಿಗೆಯನ್ನು ಕ್ಯಾಮೆರಾ ಇಲ್ಲದ ಕ್ಯಾಂಟೀನ್ ಮೂಲೆಗೆ ಇಟ್ಟೆವು. ಬೋರ್ಡಿಗೆ ಹಾಕುವಾಗ ಶಿಫ್ಟ್, ದಿನ ಎರಡನ್ನೂ ಅಳಿಸಿ ನಂಬರ್ ಮಾತ್ರ ಹಾಕುತ್ತಿದ್ದೆವು. ಓದು ಬರಹ ಬಾರದವರು ಫಿಟ್ಟರ್‌ಗೆ ಬಾಯಲ್ಲೇ ಹೇಳಬಹುದಿತ್ತು.

ಮೊದಲ ಒಳ್ಳೆಯ ಚೀಟಿ ಕ್ರೇನ್ ಬಗ್ಗೆ ಬಂತು. ಖಾಲಿ ಹುಕ್ ಮೇಲೆ ಹೋಗಿ ತಾನಾಗಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಆಪರೇಟರ್ ಕೆಂಪು ಬಟನ್ ಒತ್ತಿ ಉಳಿಸಿದ್ದ. 'ನಾನು ಮೇಲೆ ನೋಡುತ್ತಿರಲಿಲ್ಲ' ಎಂದೂ ಬರೆದಿದ್ದ. ಅಂದೇ ಕ್ರೇನ್ ನಿಲ್ಲಿಸಿ ಮೇಲೆ ಹತ್ತಿ ನೋಡಿದರೆ ಹುಕ್ಕನ್ನು ನಿಲ್ಲಿಸಬೇಕಾದ ಲಿಮಿಟ್ ಸ್ವಿಚ್ಚಿಗೆ ವೈರ್ ತುಂಡು ಸುತ್ತಿ, ಅದು ಕೆಲಸ ಮಾಡದಂತೆ ಬೈಪಾಸ್ ಮಾಡಿದ್ದರು. ಸ್ವಿಚ್ ಸುಮ್ನೆ ಸುಮ್ನೆ ಟ್ರಿಪ್ ಆಗುತ್ತಿತ್ತು, ಹೊಸದು ಕೇಳಿದರೆ ಸ್ಟೋರ್‌ನಲ್ಲಿ ಇರಲಿಲ್ಲ. ಹಾಗಾಗಿ ಯಾರನ್ನೂ ಬೈಯದೆ, ಹೊಸ ಸ್ವಿಚ್ ಹಾಕಿಸಿ, ಒಂದು ಸ್ಪೇರ್ ಇಡಿಸಿದೆವು. ಪ್ರತಿ ಶಿಫ್ಟ್ ಶುರುವಿಗೆ ಖಾಲಿ ಹುಕ್ಕನ್ನು ನಿಧಾನಕ್ಕೆ ಮೇಲೆ ಕಳಿಸಿ ಸ್ವಿಚ್ ಕೆಲಸ ಮಾಡುತ್ತದಾ ಎಂದು ನೋಡಲು ಹೇಳಿದೆವು.

ಬೋರ್ಡಿನಲ್ಲಿ ಎರಡು ದಿನದೊಳಗೆ 'ತಲುಪಿತು' ಎಂದು, ವಾರದೊಳಗೆ ಕಾರಣ ಏನು, ಯಾರು ಯಾವತ್ತಿಗೆ ಸರಿ ಮಾಡುತ್ತಾರೆ ಎಂದು ಬರೆಯುತ್ತಿದ್ದೆವು. ಆಗದಿದ್ದರೆ ಯಾಕೆ ಆಗುವುದಿಲ್ಲ ಎಂದೂ ಬರೆಯುತ್ತಿದ್ದೆವು. ಆ ಉತ್ತರ ನೋಡಿದ ಮೇಲೆಯೇ ಚೀಟಿಗಳು ಜಾಸ್ತಿಯಾದವು.

ತಿಂಗಳಿಗೆ ಇಷ್ಟು ಚೀಟಿ ಬರಲೇಬೇಕು ಎಂದು ಟಾರ್ಗೆಟ್ ಹಾಕುವವರಿಗೆ ಒಂದು ಮಾತು. ಆಗ 'ನೆಲದಲ್ಲಿ ನೀರಿತ್ತು' ಅನ್ನುವ ಚೀಟಿಗಳೇ ಬರುತ್ತವೆ. ಎಣಿಕೆ ಬಿಡಿ. 'ತಪ್ಪು ನನ್ನದು' ಎಂದು ಬರೆದ ಚೀಟಿ ಬರುತ್ತಿದೆಯಾ ನೋಡಿ. ನಂಬಿಕೆ ಬಂದಿದೆಯಾ ಎಂದು ತಿಳಿಯಲು ನನಗೆ ಅದಕ್ಕಿಂತ ಒಳ್ಳೆಯ ಗುರುತು ಸಿಕ್ಕಿಲ್ಲ.

ಸರಿ ಮಾಡಿದ್ದು ಸರಿಯಾಗಿ ಉಳಿಯುತ್ತದೆ ಎಂದೂ ನಂಬಬೇಡಿ. ಮೂರು ತಿಂಗಳ ನಂತರ ಒಂದು ರಾತ್ರಿ ಶಿಫ್ಟಿನಲ್ಲಿ ಹೇಳದೆ ಹೋಗಿ ನೋಡಿದೆವು. ಆ ಕ್ರೇನ್ ಚೆನ್ನಾಗಿತ್ತು. ಪಕ್ಕದ ಬೇಯ ಕ್ರೇನಿನ ಸ್ವಿಚ್ಚಿಗೆ ಅದೇ ತರಹದ ವೈರ್ ತುಂಡು ಸುತ್ತಿತ್ತು. ಸ್ಪೇರ್ ಇಟ್ಟಿದ್ದು ಒಂದೇ ಅಲ್ವಾ, ಅದನ್ನು ಬೇರೆ ಕಡೆಗೆ ಹಾಕಿಬಿಟ್ಟಿದ್ದರು. ಆ ಚೀಟಿಯನ್ನು ಮತ್ತೆ ತೆರೆದು, ಬೋರ್ಡಿನಲ್ಲಿ ಹಾಗೇ ಬರೆದೆವು.

— ನಿವೃತ್ತ ಸೇಫ್ಟಿ ಆಫೀಸರ್, ಬೆಂಗಳೂರು