ಮೇಕಪ್ ಟ್ರಯಲ್ ಹಣ ವಾಪಸ್ ಕೇಳಿದರೆ: ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಒಬ್ಬ ವಧು ಮದುವೆ ಮೇಕಪ್ ಟ್ರಯಲ್ ಮುಗಿಸಿ ಮನೆಗೆ ಹೋದ ಮೇಲೆ, "ಫೋಟೋದಲ್ಲಿ ಮುಖ ಬೂದಿ ಬಳಿದ ಹಾಗಿದೆ, ಪೂರ್ತಿ ಹಣ ವಾಪಸ್ ಕೊಡಿ" ಎಂದು ಮೆಸೇಜ್ ಮಾಡಿದರು.

ಇಂಥದ್ದು ಬಂದರೆ ಸುಮ್ನೆ ವಾದಕ್ಕೆ ಇಳಿಯಬೇಡಿ. ಮೊದಲು ಫ್ಲ್ಯಾಶ್ ಇಲ್ಲದೆ, ಕಿಟಕಿ ಬೆಳಕಲ್ಲಿ ತೆಗೆದ ಫೋಟೋ ಕೇಳಿ. ಅದರಲ್ಲಿ ಬಣ್ಣ ಸರಿಯಿದ್ದರೆ ಹೆಚ್ಚಾಗಿ ಸಿಲಿಕಾ ಪೌಡರಿನ ಕಾಟ. ಫ್ಲ್ಯಾಶ್ ಬಿದ್ದರೆ ಅದು ಬೆಳ್ಳಗೆ ಕಾಣುತ್ತದೆ. ಕಿಟಕಿ ಬೆಳಕಿನ ಫೋಟೋದಲ್ಲೂ ಬೂದಿಯಾಗಿದ್ದರೆ ಫೌಂಡೇಶನ್ ಶೇಡ್ ಆರಿಸುವಾಗ ತಪ್ಪಿದ್ದು ನಾವೇ. ಒಪ್ಪಿಕೊಂಡು ಇನ್ನೊಂದು ಟ್ರಯಲ್ ಉಚಿತವಾಗಿ ಮಾಡಿಕೊಡಿ.

ಆಗಲೂ ಬೇಡ ಎಂದರೆ ಮದುವೆ ದಿನದ ಅಡ್ವಾನ್ಸ್ ಹಿಂದಿರುಗಿಸಿ. ಟ್ರಯಲ್ ಶುಲ್ಕ ವಾಪಸ್ ಇಲ್ಲ ಎಂದು ಬುಕಿಂಗ್ ಹೊತ್ತಿಗೇ ಬರೆದು ಕಳಿಸಿದ್ದರೆ ಮಾತ್ರ ಅದನ್ನು ಇಟ್ಟುಕೊಳ್ಳಿ. ನಾನು ಬರೆದಿರಲಿಲ್ಲ, ಕೊಟ್ಟುಬಿಟ್ಟೆ!

ನಿಮ್ಮ ಬುಕಿಂಗ್ ಮೆಸೇಜ್‌ನಲ್ಲಿ ಈ ಸಾಲು ಇದೆಯಾ? ನಾಳೆ ಸಂಜೆಯೊಳಗೆ ಇಲ್ಲಿ ತಿಳಿಸಿ.