ಒಂದೇ ಜಗಳ, ಮೂರು ದಾರಿ

ನಮಸ್ಕಾರ ಎಲ್ಲರಿಗೂ. "ನಮ್ಮ ಅಣ್ಣನ ಕೇಸು ಯಾವಾಗ ಮುಗಿತದ್ರೀ?" ಅಂತ ಆಳಂದ ಕಡೆಯವರೊಬ್ಬರು ನಿನ್ನೆ ಇಲ್ಲಿ ಕೇಳಿದ್ದರು. ಅದು ಯಾವ ಕಲಂ ಹಾಕಿದ್ದಾರೆ ಅನ್ನೋದರ ಮೇಲಿದೆ.

ತೊಗರಿ ಹೊಲದ ಬದುವಿಗೆ ಜಗಳ ಆಯಿತು ಅಂತ ಇಟ್ಟುಕೊಳ್ಳಿ. ಕೈಯಿಂದ ಹೊಡೆದಿದ್ದರೆ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್‌ನ ಕಲಂ 115(2), ಹೆಚ್ಚೆಂದರೆ 1 ವರ್ಷ. 2 ವರ್ಷದವರೆಗಿನ ಶಿಕ್ಷೆಯದ್ದು ಸಮನ್ಸ್ ಕೇಸು. ಇಲ್ಲಿ ಚಾರ್ಜ್ ಫ್ರೇಮ್, ಅಂದರೆ ಕೋರ್ಟು ವಿಧಿವತ್ತಾಗಿ ಆರೋಪಪಟ್ಟಿ ಬರೆದು ಹೊರಿಸುವುದು, ಇರುವುದಿಲ್ಲ. ಮ್ಯಾಜಿಸ್ಟ್ರೇಟರು ಆರೋಪ ತಿಳಿಸಿ, ಒಪ್ಪುತ್ತೀರಾ ಅಂತ ಕೇಳುತ್ತಾರೆ. ಒಪ್ಪಿದರೆ ಅವತ್ತೇ ಮುಗಿಯಬಹುದು. ಆದರೆ ದಂಡ ಕಟ್ಟಿ ಬಂದರೆ ಅದು ಶಿಕ್ಷೆಯೇ, ಖುಲಾಸೆ ಅಲ್ಲ. ಪೆಟ್ಟು ತಿಂದವರ ಜೊತೆ ರಾಜಿಯಾದರೆ ಅದು ಖುಲಾಸೆ.

ಕುಡುಗೋಲು ಬೀಸಿ ಗಾಯವಾಗಿದ್ದರೆ 118(1), 3 ವರ್ಷದವರೆಗೆ, ಅಂದರೆ ವಾರಂಟ್ ಕೇಸು. ಹೆಸರು ಕೇಳಿ ಸುಮ್ನೆ ಹೆದರಬೇಡಿ, ವಾರಂಟ್ ಬಂದೇ ಬರುತ್ತದೆ ಅಂತಲ್ಲ. ಚಾರ್ಜ್‌ಶೀಟ್ ಪ್ರತಿ ಕೈಗೆ ಸಿಕ್ಕ 60 ದಿನದೊಳಗೆ, ಕೇಸಿನಿಂದ ಕೈಬಿಡಿ ಅಂತ ಡಿಸ್‌ಚಾರ್ಜ್ ಅರ್ಜಿ ಹಾಕಬಹುದು. ಅದು ಬಿದ್ದುಹೋದರೆ ಚಾರ್ಜ್ ಫ್ರೇಮ್, ಆಮೇಲೆ ಸಾಕ್ಷಿ.

ಕೊಲೆ ಯತ್ನ, ಅಂದರೆ 109 ಹಾಕಿದ್ದರೆ ಸೆಷನ್ಸ್ ವಿಚಾರಣೆ. ಮ್ಯಾಜಿಸ್ಟ್ರೇಟರು ಅಲ್ಲಿಗೆ ಒಪ್ಪಿಸಲಿಕ್ಕೇ 90 ದಿನ, ಕಾರಣ ಬರೆದರೆ 180. ವಾದ ಮುಗಿದ ಮೇಲೆ ತೀರ್ಪಿಗೆ 30 ದಿನ, ತಡವಾದರೆ 45. ಜಾಸ್ತಿ ಎಳೆಯುವುದು ನಡುವಿನ ಸಾಕ್ಷಿ: ಡಾಕ್ಟರು ವರ್ಗವಾಗಿರುತ್ತಾರೆ, ಪಂಚರು ಬರುವುದಿಲ್ಲ.

ಎಫ್‌ಐಆರ್‌ನ ಕಲಂ ಚಾರ್ಜ್‌ಶೀಟಲ್ಲಿ ಬದಲಾಗಿರಬಹುದು. ಆ ಪುಟದ ಫೋಟೋ ನನಗೆ ಬೇರೆಯಾಗಿ ಕಳಿಸಿರಿ, ಗುಂಪಿಗೆ ಹಾಕಬೇಡಿ.